ಸೋಫಾ ಮೇಲಿನ ಗೋಡೆಗೆ ಏಳು ಫ್ರೇಮ್: ಅಂತರ ಎಷ್ಟು, ಮೊಳೆ ಎಲ್ಲಿ?

ಪ್ರಶ್ನೆ: ನಮ್ಮ ಸೋಫಾ ಹಿಂದಿನ ಗೋಡೆ ಖಾಲಿ ಇದೆ. ಸೋಫಾ 7 ಅಡಿ ಉದ್ದ. ಅಲ್ಲಿ ಏಳು ಚಿತ್ರ ಹಾಕುವ ಆಸೆ. ಅಮ್ಮ ಬರೆದ ದೊಡ್ಡ ಅಕ್ರಿಲಿಕ್ ಚಿತ್ರ, ಮಗಳ ಎರಡು ಜಲವರ್ಣ ಚಿತ್ರ, ನಮ್ಮ ಮದುವೆ ಫೋಟೋ, ಮನೆಮಂದಿಯ ಒಂದು ಗ್ರೂಪ್ ಫೋಟೋ, ಮತ್ತೆ ಅಜ್ಜ, ಅಜ್ಜಿಯ ಹಳೇ ಕಪ್ಪು-ಬಿಳುಪು ಫೋಟೋ ಒಂದೊಂದು. ಒಂದು ಸಲ ಅಂದಾಜಿನಲ್ಲೇ ಮೊಳೆ ಹೊಡೆದು ಹಾಕಿದೆ. ಚೆಲ್ಲಾಪಿಲ್ಲಿಯಾಗಿ ಕಂಡಿತು, ತೆಗೆದುಬಿಟ್ಟೆ. ಫ್ರೇಮ್ ಎಲ್ಲ ಒಂದೇ ಥರ ಇರಬೇಕಾ? ಮಧ್ಯೆ ಎಷ್ಟು ಜಾಗ ಬಿಡಬೇಕು?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. 2 ಇಂಚು ಬಿಡಿ. ಎಲ್ಲ ಕಡೆಯೂ 2 ಇಂಚೇ, ಅಡ್ಡಕ್ಕೂ ಅಷ್ಟೇ, ಮೇಲೆ ಕೆಳಗೂ ಅಷ್ಟೇ.

ನಿಮ್ಮ ಗೋಡೆ ಚೆಲ್ಲಾಪಿಲ್ಲಿ ಕಂಡಿದ್ದಕ್ಕೆ ಫ್ರೇಮ್‌ಗಳು ಬೇರೆ ಬೇರೆ ಇದ್ದದ್ದು ಕಾರಣ ಆಗಿರಲಾರದು. ದೂರದಿಂದ ನೋಡುವಾಗ ಕಣ್ಣಿಗೆ ಮೊದಲು ಕಾಣುವುದು ಚಿತ್ರಗಳಲ್ಲ, ಅವುಗಳ ನಡುವಿನ ಗೋಡೆಯ ಪಟ್ಟಿಗಳು. ಆ ಪಟ್ಟಿಗಳು ಒಂದೇ ಅಗಲ ಇದ್ದರೆ ಏಳು ಫ್ರೇಮ್ ಸೇರಿ ಒಂದೇ ದೊಡ್ಡ ಚಿತ್ರದ ಹಾಗೆ ನಿಲ್ಲುತ್ತವೆ. ಒಂದು ಕಡೆ 2 ಇಂಚು, ಇನ್ನೊಂದು ಕಡೆ 3, ಮತ್ತೊಂದು ಕಡೆ 5 ಆದರೆ ಕಣ್ಣು ಅಲ್ಲಲ್ಲೇ ತಡವರಿಸುತ್ತದೆ. 4 ಇಂಚು ದಾಟಿದರೆ ಒಂದೊಂದು ಫ್ರೇಮೂ ಒಂದೊಂದು ದ್ವೀಪ ಆಗಿಬಿಡುತ್ತದೆ. 1 ಇಂಚಿಗಿಂತ ಕಡಿಮೆಯಾದರೆ ಒತ್ತೊತ್ತಾಗಿ ಅಂಟಿಕೊಂಡ ಹಾಗೆ ಕಾಣುತ್ತದೆ. ಫ್ರೇಮ್‌ಗಳು ತುಂಬಾ ದೊಡ್ಡವಿದ್ದರೆ ನಾನು 3 ಇಂಚು ಬಿಡುತ್ತೇನೆ. ನಿಮ್ಮ ಅಳತೆಯವಕ್ಕೆ ಎರಡೇ ಸರಿ.

ಈ ಅಂತರವನ್ನು ಫ್ರೇಮಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಬೇಕು. ಮೊಳೆಯಿಂದ ಮೊಳೆಗೆ ಸಮ ಅಂತರ ಇಟ್ಟರೆ ಆಗುವುದಿಲ್ಲ, ಯಾಕಂದ್ರೆ ಫ್ರೇಮ್‌ಗಳ ಅಗಲ ಬೇರೆ ಬೇರೆ. ಅಂದಾಜಿನಲ್ಲಿ ಮೊಳೆ ಹೊಡೆದಾಗ ಬಹುತೇಕ ಆಗುವ ತಪ್ಪು ಇದೇ.

ಈಗ ನಿಮ್ಮ ಏಳು ಚಿತ್ರಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಗುಂಪಿನ ಒಟ್ಟು ಅಗಲ ಸೋಫಾದ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಇದ್ದರೆ ಕೆಳಗಿನ ಸೋಫಾಕ್ಕೂ ಮೇಲಿನ ಚಿತ್ರಗಳಿಗೂ ಹೊಂದುತ್ತದೆ. ನಿಮ್ಮ ಸೋಫಾ 84 ಇಂಚು. ಹಾಗಾಗಿ 56 ರಿಂದ 63 ಇಂಚಿನೊಳಗೆ ಇರಲಿ. ನಾನು 60 ಇಂಚು ಹಿಡಿದಿದ್ದೇನೆ.

ಮೂರು ಕಂಬಸಾಲು ಮಾಡೋಣ. ಎಡಗಡೆಯದು 16 ಇಂಚು ಅಗಲ, ನಡುವಿನದು 24, ಬಲಗಡೆಯದು 16. ಮಧ್ಯೆ ಎರಡು ಕಡೆ 2 ಇಂಚು ಸೇರಿದರೆ ಸರಿಯಾಗಿ 60. ಎತ್ತರ ಮೂರು ಸಾಲಿಗೂ 34 ಇಂಚು. ನಡುವಿನ ಸಾಲಿನ ಮೇಲ್ಗಡೆ ಅಮ್ಮನ ಚಿತ್ರ, ಫ್ರೇಮ್ ಸೇರಿ 24 ಇಂಚು ಅಗಲ, 18 ಎತ್ತರ. ಅದರ ಕೆಳಗೆ ಅಜ್ಜ, ಅಜ್ಜಿ ಪಕ್ಕಪಕ್ಕ, ಒಂದೊಂದೂ 11 ಅಗಲ, 14 ಎತ್ತರ. 11 ಮತ್ತು 11, ನಡುವೆ 2, ಒಟ್ಟು 24. ಎತ್ತರದಲ್ಲೂ 18, 2, 14 ಕೂಡಿದರೆ 34. ಬಲಗಡೆ ಮೇಲೆ ಗ್ರೂಪ್ ಫೋಟೋ 16 ಅಗಲ, 12 ಎತ್ತರ. ಕೆಳಗೆ ಮಗಳ ಉದ್ದನೆಯ ಚಿತ್ರ 16 ಅಗಲ, 20 ಎತ್ತರ.

ಎಡಗಡೆ ನಾನು ಮೊದಲು ಬರೆದುಕೊಂಡದ್ದು ಬಲಗಡೆಯ ತಿರುಗಾಮುರುಗಾ: ಮೇಲೆ 20 ಎತ್ತರದ ಮದುವೆ ಫೋಟೋ, ಕೆಳಗೆ 12 ಎತ್ತರದ ಜಲವರ್ಣ. ಲೆಕ್ಕಕ್ಕೆ ಸರಿಯಾಗಿತ್ತು. ಆದರೆ ಚೌಕುಳಿ ಹಾಳೆಯಲ್ಲಿ ಬಿಡಿಸಿದಾಗ ಒಂದು ತೊಂದರೆ ಕಂಡಿತು. ಎಡ ಸಾಲಿನ ನಡುವಿನ ಖಾಲಿ ಪಟ್ಟಿ ಮೇಲಿನಿಂದ 20 ಇಂಚಿಗೆ ಶುರು. ಪಕ್ಕದ ಸಾಲಿನದು 18 ಇಂಚಿಗೆ. ಬರೀ 2 ಇಂಚು ವ್ಯತ್ಯಾಸ. ಇಂಥದ್ದು ಗೋಡೆಗೆ ಹೋದರೆ ನೋಡಿದವರಿಗೆಲ್ಲ ಒಂದು ಫ್ರೇಮ್ ಜಾರಿದೆ ಅಂತಲೇ ಅನಿಸುತ್ತದೆ. ಖಾಲಿ ಪಟ್ಟಿಗಳು ಒಂದೋ ನೇರವಾಗಿ ಒಂದೇ ಗೆರೆಗೆ ಬರಬೇಕು, ಇಲ್ಲವೇ ಬೇಕಂತಲೇ ಬೇರೆ ಇಟ್ಟಿದ್ದಾರೆ ಅನ್ನುವಷ್ಟು ದೂರ ಇರಬೇಕು. ಹೆಚ್ಚುಕಡಿಮೆ ಸೇರುವುದು ಬೇಡ.

ಹಾಗಾಗಿ ಎಡಗಡೆ ಮದುವೆ ಫೋಟೋದ ಫ್ರೇಮನ್ನು 16 × 18 ಮಾಡಿದೆ, ಕೆಳಗಿನ ಜಲವರ್ಣದ್ದನ್ನು 16 × 14. ಈಗ ಎಡದಿಂದ ನಡುವಿನವರೆಗೆ ಒಂದೇ ನೇರ ಪಟ್ಟಿ ಹರಿಯುತ್ತದೆ. ಬಲಗಡೆ ಅದು 6 ಇಂಚು ಮೇಲಕ್ಕೆ ಏರುತ್ತದೆ. ಆ ಏರಿಕೆ ಸ್ಪಷ್ಟವಾಗಿದೆ, ತಪ್ಪು ಅನಿಸುವುದಿಲ್ಲ. ಇಡೀ ಗುಂಪು ಪೆಟ್ಟಿಗೆ ಜೋಡಿಸಿಟ್ಟ ಹಾಗೆ ಬಿಗಿಯಾಗಿ ಕಾಣದಂತೆಯೂ ಅದು ಕಾಪಾಡುತ್ತದೆ.

ಫೋಟೋದ ಅಳತೆ ಬದಲಿಸದೆ ಫ್ರೇಮಿನ ಅಳತೆ ಹೇಗೆ ಬದಲಾಯಿತು ಅಂದರೆ, ಮೌಂಟ್‌ನಿಂದ. ಫೋಟೋ ಸುತ್ತ ಕಿಟಕಿ ಕತ್ತರಿಸಿ ಇಡುವ ದಪ್ಪ ರಟ್ಟಿನ ಅಂಚು ಇದೆಯಲ್ಲ, ಅದು. ಬೇರೆ ಬೇರೆ ಅಳತೆಯ ಚಿತ್ರಗಳನ್ನು ನಮಗೆ ಬೇಕಾದ ಹೊರ ಅಳತೆಗೆ ತರುವುದು ಮೌಂಟ್ ಒಂದರಿಂದಲೇ ಸಾಧ್ಯ. ನಿಮ್ಮ ಮದುವೆ ಫೋಟೋ 8 × 10 ಇದೆ ಅಂತಿಟ್ಟುಕೊಳ್ಳಿ. ಫ್ರೇಮಿನ ಪಟ್ಟಿ ಮುಕ್ಕಾಲು ಇಂಚು. 16 × 18 ಫ್ರೇಮಿನಲ್ಲಿ ಒಳಗೆ ಹದಿನಾಲ್ಕೂವರೆ ಅಗಲ, ಹದಿನಾರೂವರೆ ಎತ್ತರ ಉಳಿಯುತ್ತದೆ. ಫೋಟೋ ಸುತ್ತ ನಾಲ್ಕೂ ಕಡೆ ಮೂರೂಕಾಲು ಇಂಚು ಮೌಂಟ್. ಚೆನ್ನಾಗಿ ಕೂರುತ್ತದೆ, ಅಲ್ವಾ? ಕೆಳಗಿನ ಜಲವರ್ಣ 10 × 8 ಆಗಿದ್ದರೆ ಅದಕ್ಕೆ ಸುತ್ತ ಎರಡೂಕಾಲು ಇಂಚು ಸಿಗುತ್ತದೆ. 12 ಎತ್ತರದ ಫ್ರೇಮ್ ಆಗಿದ್ದರೆ ಮೇಲೆ ಕೆಳಗೆ ಬರೀ ಒಂದೂಕಾಲು ಉಳಿದು ಚಿತ್ರ ಇಕ್ಕಟ್ಟಾಗುತ್ತಿತ್ತು.

ಅಜ್ಜ-ಅಜ್ಜಿಯ ಫೋಟೋ ಚಿಕ್ಕದಿರಬಹುದು, 4 × 6 ಅಂತ ಹಿಡಿಯೋಣ. ಅದನ್ನು ಚಿಕ್ಕ ಫ್ರೇಮಿಗೆ ಹಾಕಿ ಅಮ್ಮನ ದೊಡ್ಡ ಚಿತ್ರದ ಕೆಳಗೆ ತೂಗಿದರೆ ಕಳೆದೇ ಹೋಗುತ್ತದೆ. 11 × 14 ಫ್ರೇಮಿನಲ್ಲಿ ಬದಿಗೆ ಎರಡೂಮುಕ್ಕಾಲು ಇಂಚು, ಮೇಲೆ 3, ಕೆಳಗೆ ಮೂರೂವರೆ ಇಂಚು ಮೌಂಟ್ ಬಿಡಿ. ಕೆಳಗೆ ಅರ್ಧ ಇಂಚು ಜಾಸ್ತಿ ಯಾಕೆ ಅಂದರೆ, ಸರಿಯಾಗಿ ಮಧ್ಯಕ್ಕೆ ಇಟ್ಟ ಚಿತ್ರ ಕಣ್ಣಿಗೆ ಸ್ವಲ್ಪ ಕೆಳಗೆ ಜಾರಿದ ಹಾಗೆ ತೋರುತ್ತದೆ. ಸುತ್ತ ಅಷ್ಟು ಬಿಳಿ ಇದ್ದಾಗ ಜನ ಹತ್ತಿರ ಹೋಗಿ ಆ ಮುಖಗಳನ್ನು ನೋಡುತ್ತಾರೆ. ಚಿಕ್ಕ ಹಳೇ ಫೋಟೋಗೆ ಇಷ್ಟು ಜಾಗ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೌಂಟ್‌ಗೆ ಇನ್ನೊಂದು ಕೆಲಸ ಇದೆ. ಅದು ಫೋಟೋವನ್ನು ಗಾಜಿಗೆ ತಾಗದಂತೆ ಇಡುತ್ತದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಮ್ಮ ಮನೆಯದೇ ಒಂದು ಹಳೇ ಫೋಟೋವನ್ನು ಮೌಂಟ್ ಇಲ್ಲದೆ ನೇರ ಗಾಜಿಗೆ ಒತ್ತಿ ಫ್ರೇಮ್ ಹಾಕಿದ್ದೆ. ಕೆಲವು ವರ್ಷ ಆದಮೇಲೆ ಬಿಚ್ಚಿದೆ. ತೇವಕ್ಕೆ ಫೋಟೋದ ಮೇಲ್ಪದರ ಗಾಜಿಗೆ ಅಂಟಿತ್ತು. ಎಷ್ಟು ನಿಧಾನ ಎಳೆದರೂ ಕೆನ್ನೆ ಇದ್ದ ಜಾಗ ಗಾಜಿನಲ್ಲೇ ಉಳಿಯಿತು, ಕಾಗದದಲ್ಲಿ ಬಿಳಿ ಕಲೆ ಬಿದ್ದಿತು. ಅದರ ನೆಗೆಟಿವ್ ಇರಲಿಲ್ಲ. ನಿಮ್ಮ ಅಜ್ಜ-ಅಜ್ಜಿಯ ಮೂಲ ಫೋಟೋಗಳನ್ನು ಗೋಡೆಗೆ ಹಾಕಲೇಬೇಡಿ. ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆಸಿ, ಅದನ್ನು ಹಾಕಿ. ಮೂಲದ್ದು ಬೆಳಕು ಬೀಳದ, ಒಣಗಿದ ಜಾಗದಲ್ಲಿ ಇರಲಿ. ಮಗಳ ಜಲವರ್ಣಗಳಿಗೂ ಬಿಸಿಲು ಆಗುವುದಿಲ್ಲ, ಬಣ್ಣ ಮಾಸುತ್ತದೆ. ಆ ಗೋಡೆಗೆ ಕಿಟಕಿಯಿಂದ ನೇರ ಬಿಸಿಲು ಬೀಳುತ್ತದಾ ಅಂತ ಒಂದು ದಿನ ಪೂರ್ತಿ ಗಮನಿಸಿ. ಬೀಳುತ್ತಿದ್ದರೆ ಅವುಗಳ ಪ್ರತಿಯನ್ನೇ ಹಾಕಿ.

ಇನ್ನು ಫ್ರೇಮ್ ಒಂದೇ ಥರ ಇರಬೇಕಾ ಅಂತ ಕೇಳಿದ್ದೀರಿ. ಬೇಡ. ಆದರೆ ಮೂರು ಥರದ ಮರ, ಎರಡು ಥರದ ಬಂಗಾರದ ಬಣ್ಣ ಅಂತ ಹೋಗಬೇಡಿ. ಎರಡೇ ಥರ ಸಾಕು. ಫೋಟೋಗಳಿಗೆಲ್ಲ ಮುಕ್ಕಾಲು ಇಂಚಿನ ಸಾದಾ ಕಪ್ಪು ಪಟ್ಟಿ. ಕೈಯಲ್ಲಿ ಬರೆದ ಚಿತ್ರಗಳಿಗೆಲ್ಲ ತಿಳಿ ಮರದ ಬಣ್ಣ. ಅಮ್ಮನ ಚಿತ್ರ ದೊಡ್ಡದು, ಅದರ ಪಟ್ಟಿ ಒಂದೂಕಾಲು ಇಂಚು ಇರಲಿ. ಮೌಂಟ್ ಮಾತ್ರ ಎಲ್ಲಕ್ಕೂ ಒಂದೇ ಬಣ್ಣದ್ದು, ತೀರಾ ಹಾಲುಬಿಳಿ ಅಲ್ಲದೆ ಸ್ವಲ್ಪ ಕೆನೆ ಬಣ್ಣದ್ದು. ಹಳೇ ಫೋಟೋದ ಬಿಳಿ ಯಾವತ್ತೂ ಶುದ್ಧ ಬಿಳಿ ಇರುವುದಿಲ್ಲ. ಪಕ್ಕದಲ್ಲಿ ಹಾಲುಬಿಳಿ ಮೌಂಟ್ ಇಟ್ಟರೆ ಫೋಟೋ ಕೊಳೆಯಾದ ಹಾಗೆ ಕಾಣುತ್ತದೆ. ಅಮ್ಮನ ಚಿತ್ರ ಕ್ಯಾನ್ವಾಸ್ ಮೇಲೆ ಇದ್ದರೆ ಅದಕ್ಕೆ ಮೌಂಟೂ ಬೇಡ, ಗಾಜೂ ಬೇಡ.

ಯಾವುದು ಎಲ್ಲಿಗೆ ಅಂತ ಮೇಲೆ ಹೇಳಿದ್ದು ಸುಮ್ನೆ ಹೇಳಿದ್ದಲ್ಲ. ಮರದ ಫ್ರೇಮ್ ಮೂರನ್ನು ಗಮನಿಸಿ: ಮೇಲೆ ನಡುವೆ ಒಂದು, ಕೆಳಗೆ ಎಡ ಮೂಲೆಗೆ ಒಂದು, ಬಲ ಮೂಲೆಗೆ ಒಂದು. ತ್ರಿಕೋನ ಆಯಿತು. ಕಪ್ಪು ನಾಲ್ಕು ಅವುಗಳ ನಡುವೆ ಹಂಚಿಹೋಗಿವೆ. ಮರದ್ದೆಲ್ಲ ಒಂದೇ ಬದಿಗೆ ಬಂದಿದ್ದರೆ ಅಂತರ ಎಷ್ಟೇ ಸಮ ಇದ್ದರೂ ಗುಂಪು ಎರಡು ಹೋಳಾಗಿ ಕಾಣುತ್ತಿತ್ತು. ಗಾಢ ಬಣ್ಣದ ಚಿತ್ರಗಳಿಗೂ ಇದೇ ಮಾತು. ಅವು ತೂಕವಾಗಿ ಕಾಣುತ್ತವೆ, ಒಂದೇ ಕಡೆ ಪೇರಿಸಬಾರದು.

ಮುಖಗಳು ಯಾವ ಕಡೆ ತಿರುಗಿವೆ ಅನ್ನುವುದನ್ನೂ ನೋಡಿ. ತುದಿಯಲ್ಲಿರುವ ಫೋಟೋದವರು ಗುಂಪಿನ ಒಳಗಡೆಗೆ ನೋಡುತ್ತಿರಬೇಕು. ಹೊರಗೆ ನೋಡುತ್ತಿದ್ದರೆ ನಮ್ಮ ಕಣ್ಣೂ ಅವರ ಜೊತೆ ಗೋಡೆಯಿಂದ ಆಚೆ ಹೋಗುತ್ತದೆ. ಅಜ್ಜ ಬಲಕ್ಕೆ, ಅಜ್ಜಿ ಎಡಕ್ಕೆ ಸ್ವಲ್ಪ ತಿರುಗಿ ಕೂತಿದ್ದರೆ ಅಜ್ಜನನ್ನು ಎಡಗಡೆ ಹಾಕಿ. ಆಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡ ಹಾಗಿರುತ್ತದೆ. ಇದಕ್ಕಾಗಿ ಫೋಟೋವನ್ನು ಕನ್ನಡಿಯ ಹಾಗೆ ತಿರುಗಿಸಿ ಮಾತ್ರ ಪ್ರಿಂಟ್ ಹಾಕಿಸಬೇಡಿ. ಮನೆಯವರಿಗೆ ಆ ಮುಖ ಗುರುತು ತಪ್ಪಿದ ಹಾಗೆ ಅನಿಸುತ್ತದೆ.

ಎತ್ತರಕ್ಕೆ ಬರೋಣ. ಗುಂಪಿನ ನಡುಭಾಗ ನೆಲದಿಂದ 57 ರಿಂದ 60 ಇಂಚಿಗೆ ಬಂದರೆ ನಿಂತವರ ಕಣ್ಣಿನ ಮಟ್ಟಕ್ಕೆ ಹತ್ತಿರ ಇರುತ್ತದೆ. ಸೋಫಾ ಮೇಲೆ ಹಾಕುವಾಗ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಸೋಫಾದ ಬೆನ್ನಿಗೂ ಕೆಳಗಿನ ಫ್ರೇಮಿಗೂ ನಡುವೆ 6 ರಿಂದ 10 ಇಂಚು. ಕಡಿಮೆಯಾದರೆ ಕೂತವರ ತಲೆ ತಾಗುತ್ತದೆ, ಜಾಸ್ತಿಯಾದರೆ ಚಿತ್ರಗಳು ಸೋಫಾಕ್ಕೆ ಸಂಬಂಧವೇ ಇಲ್ಲದೆ ತೇಲುತ್ತವೆ. ಸೋಫಾ ಬೆನ್ನು ನೆಲದಿಂದ 34 ಇಂಚು ಅಂತ ಹಿಡಿದಿದ್ದೇನೆ, ನೀವು ಅಳೆದು ನೋಡಿ. ಅದರ ಮೇಲೆ 8 ಇಂಚು ಬಿಟ್ಟರೆ ಗುಂಪಿನ ಕೆಳ ಅಂಚು 42ಕ್ಕೆ, ಮೇಲಿನ ಅಂಚು 76ಕ್ಕೆ. ನಡುಭಾಗ 59. ಎರಡೂ ಲೆಕ್ಕ ಕೂಡಿಬಂತು. ನಿಮ್ಮ ಸೋಫಾ ಅಳತೆಯಲ್ಲಿ ಎರಡೂ ಕೂಡದಿದ್ದರೆ ಸೋಫಾದ ಲೆಕ್ಕವನ್ನೇ ಹಿಡಿಯಿರಿ. ಸೋಫಾ ಗೋಡೆಯ ಮಧ್ಯಕ್ಕೆ ಇಲ್ಲದಿದ್ದರೂ ಅಷ್ಟೇ, ಗುಂಪಿನ ಮಧ್ಯ ಸೋಫಾದ ಮಧ್ಯಕ್ಕೆ ಬರಲಿ.

ಮೊಳೆಗೆ ಮೊದಲು ಕಾಗದ. ಒಂದೊಂದು ಫ್ರೇಮಿನ ಹೊರ ಅಳತೆಗೆ ಹಳೇ ಪೇಪರ್ ಕತ್ತರಿಸಿ, ಮೇಲೆ ಯಾವ ಚಿತ್ರ ಅಂತ ಬರೆದು, ಮಾಸ್ಕಿಂಗ್ ಟೇಪಿನಲ್ಲಿ ಗೋಡೆಗೆ ಅಂಟಿಸಿ. ಫ್ರೇಮ್ ಕಟ್ಟಿಸಲು ಕೊಡುವ ಮೊದಲೇ ಇದನ್ನು ಮಾಡಿ, ಆಗ ಅಳತೆ ಬದಲಿಸಲು ಇನ್ನೂ ಅವಕಾಶ ಇರುತ್ತದೆ. 2 ಇಂಚು ಅಗಲದ ಒಂದು ರಟ್ಟಿನ ಪಟ್ಟಿ ಕತ್ತರಿಸಿಟ್ಟುಕೊಂಡರೆ ಪ್ರತಿ ಸಲ ಟೇಪ್ ಹಿಡಿಯುವುದು ಬೇಡ, ಆ ಪಟ್ಟಿ ತೂರಿಸಿ ನೋಡಿದರಾಯಿತು. ಎರಡು ದಿನ ಹಾಗೇ ಬಿಡಿ. ಬಾಗಿಲಿನಿಂದ ಒಳಗೆ ಬರುವಾಗ ನೋಡಿ, ಎದುರು ಕುರ್ಚಿಯಲ್ಲಿ ಕೂತು ನೋಡಿ. ಫೋನಿನಲ್ಲಿ ಒಂದು ಫೋಟೋ ತೆಗೆದು ಚಿಕ್ಕದಾಗಿ ನೋಡಿದರೆ ವಾಲಿದ ಪಟ್ಟಿ ಥಟ್ಟನೆ ಕಾಣುತ್ತದೆ.

ಈಗ ಮೊಳೆ ಜಾಗ. ಇಲ್ಲಿ ಒಂದೇ ಒಂದು ನಿಯಮ ಇಟ್ಟುಕೊಳ್ಳಿ: ಒಂದು ಫ್ರೇಮಿನಿಂದ ಮುಂದಿನದಕ್ಕೆ ಅಳೆಯುತ್ತಾ ಹೋಗಬೇಡಿ. ಒಂದೊಂದರಲ್ಲಿ ಕಾಲಿಂಚು ಹೆಚ್ಚುಕಡಿಮೆ ಆದರೂ ಕೊನೆಗೆ ಮುಕ್ಕಾಲು ಇಂಚು ತಪ್ಪಿರುತ್ತದೆ. ಎಲ್ಲವನ್ನೂ ಎರಡೇ ಗೆರೆಯಿಂದ ಅಳೆಯಿರಿ. ಒಂದು, ನೆಲದಿಂದ 76 ಇಂಚಿಗೆ ಅಡ್ಡ ಗೆರೆ. ಎರಡು ತುದಿಗೂ ನೆಲದಿಂದ ಅಳೆದು ಸೇರಿಸಬೇಡಿ, ನೆಲ ವಾಲಿರಬಹುದು. ಒಂದು ಕಡೆ ಅಳೆದು ರಸಮಟ್ಟ ಹಿಡಿದು ಎಳೆಯಿರಿ. ಇನ್ನೊಂದು, ಸೋಫಾ ಮಧ್ಯಕ್ಕೆ ಬರುವ ಲಂಬ ಗೆರೆ. ಪೆನ್ಸಿಲ್ ಗುರುತು ಉಳಿಯುತ್ತದೆ ಅನಿಸಿದರೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಬರೆಯಿರಿ.

ಮದುವೆ ಫೋಟೋವನ್ನೇ ತೆಗೆದುಕೊಳ್ಳಿ. ಗುಂಪಿನ ಎಡ ಅಂಚು ಮಧ್ಯದಿಂದ 30 ಇಂಚು. ಫ್ರೇಮ್ 16 ಅಗಲ, ಹಾಗಾಗಿ ಅದರ ಮಧ್ಯ 22 ಇಂಚಿಗೆ. ಫ್ರೇಮಿನ ಹಿಂದೆ ಎರಡು ಬದಿಗೆ ಒಂದೊಂದು ಉಂಗುರದ ಕೊಂಡಿ ಹಾಕಿಸಿ, ಅವುಗಳ ನಡುವೆ 12 ಇಂಚು ಇರಲಿ. ಆಗ ಸ್ಕ್ರೂ ಎರಡೂ ಮಧ್ಯ ಗೆರೆಯಿಂದ ಎಡಕ್ಕೆ 16 ಮತ್ತು 28 ಇಂಚಿಗೆ ಬರುತ್ತವೆ. ಕೆಳಕ್ಕೆ ಎಷ್ಟು? ಫ್ರೇಮಿನ ಮೇಲಂಚಿನಿಂದ ಉಂಗುರ ಸ್ಕ್ರೂ ಮೇಲೆ ಕೂರುವ ಜಾಗದವರೆಗೆ ಅಳೆಯಿರಿ. ಎರಡೂವರೆ ಇಂಚು ಬಂತು ಅನ್ನಿ. ಅಡ್ಡ ಗೆರೆಯಿಂದ ಎರಡೂವರೆ ಇಂಚು ಕೆಳಗೆ ಸ್ಕ್ರೂ. ಅದರ ಕೆಳಗಿನ ಜಲವರ್ಣದ ಮೇಲಂಚು ಅದೇ ಗೆರೆಯಿಂದ 20 ಇಂಚು ಕೆಳಗೆ, ಅಂದರೆ 18 ಮತ್ತು 2. ಸ್ಕ್ರೂ ಇಪ್ಪತ್ತೆರಡೂವರೆಗೆ. ಬಲಗಡೆ ಕೆಳಗಿನ ಚಿತ್ರದ ಮೇಲಂಚು 14ಕ್ಕೆ, ಸ್ಕ್ರೂ ಹದಿನಾರೂವರೆಗೆ. ಅಜ್ಜ-ಅಜ್ಜಿ ಫ್ರೇಮ್‌ಗಳ ಮಧ್ಯ, ಲಂಬ ಗೆರೆಯಿಂದ ಆಚೆ ಈಚೆ ಆರೂವರೆ ಇಂಚಿಗೆ. ಪ್ರತಿ ಫ್ರೇಮಿನ ಕೊಂಡಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. ಒಂದೇ ಕೈ ಹಾಕಿದ ಕೊಂಡಿಗಳಲ್ಲೂ ಸ್ವಲ್ಪ ವ್ಯತ್ಯಾಸ ಇರುತ್ತದೆ.

ಹಿಂದೆ ತಂತಿ ಕಟ್ಟಿ ಒಂದೇ ಮೊಳೆಗೆ ತೂಗುಹಾಕುವುದು ಸುಲಭ, ನಿಜ. ಆದರೆ ಒರೆಸುವಾಗ, ಬಾಗಿಲು ಜೋರಾಗಿ ಹಾಕಿದಾಗ ಫ್ರೇಮ್ ವಾಲುತ್ತದೆ. ಒಂಟಿ ಚಿತ್ರದಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಪಕ್ಕದಲ್ಲಿ 2 ಇಂಚಿನ ನೇರ ಪಟ್ಟಿ ಇರುವಾಗ ಚೂರು ವಾಲಿದರೂ ಪಟ್ಟಿ ಒಂದು ಕಡೆ ಕಿರಿದಾಗಿ, ಇನ್ನೊಂದು ಕಡೆ ಅಗಲವಾಗಿ ಕಾಣುತ್ತದೆ. ಅದಕ್ಕೇ ಎರಡು ಕೊಂಡಿ ಹೇಳಿದ್ದು. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಚಿಕ್ಕ ರಬ್ಬರ್ ಬಿಲ್ಲೆ ಅಂಟಿಸಿದರೆ ಫ್ರೇಮ್ ಜರುಗುವುದಿಲ್ಲ, ಹಿಂದೆ ಗಾಳಿಯೂ ಆಡುತ್ತದೆ.

ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಸುತ್ತಿಗೆ ಮೊಳೆ ಬೇಡ. ಮೊಳೆ ಬಾಗುತ್ತದೆ, ಗಾರೆ ಉದುರುತ್ತದೆ, ಜಾಗ ಅರ್ಧ ಇಂಚು ತಪ್ಪುತ್ತದೆ. 6 ಎಂಎಂ ಬಿಟ್‌ನಲ್ಲಿ ಡ್ರಿಲ್ ಮಾಡಿ, ಅದೇ ಅಳತೆಯ ಪ್ಲಗ್ ತೂರಿಸಿ, ಸ್ಕ್ರೂ ಹಾಕಿ. ಜಿಪ್ಸಂ ಬೋರ್ಡ್ ಗೋಡೆಯಾದರೆ ಅದಕ್ಕೆಂದೇ ಬರುವ ಆಂಕರ್ ಬೇಕು, ಮಾಮೂಲಿ ಪ್ಲಗ್ ಕಿತ್ತುಬರುತ್ತದೆ. ಸ್ವಿಚ್ ಅಥವಾ ಸಾಕೆಟ್ ನೇರಕ್ಕೆ, ಮೇಲೆ ಕೆಳಗೆ ಆಗಲಿ ಪಕ್ಕಕ್ಕೆ ಆಗಲಿ, ಡ್ರಿಲ್ ಮಾಡಬೇಡಿ. ಒಳಗೆ ವೈರ್ ಹೋಗಿರುವ ಸಾಧ್ಯತೆ ಇರುತ್ತದೆ. ಅಂಟುಪಟ್ಟಿಗಳನ್ನು ಗಾಜಿನ ಫ್ರೇಮಿಗೆ ನಾನು ನಂಬುವುದಿಲ್ಲ. ತರಿತರಿ ಗೋಡೆಯಲ್ಲಿ, ಪುಡಿ ಬಿಡುವ ಬಣ್ಣದ ಮೇಲೆ, ತೇವ ಇರುವ ಕಡೆ ಅವು ಬಿಟ್ಟುಕೊಳ್ಳುತ್ತವೆ. ಕೆಳಗೆ ಸೋಫಾದಲ್ಲಿ ಜನ ಕೂತಿರುತ್ತಾರೆ.

ಅಮ್ಮನ ಚಿತ್ರವನ್ನು ಮೊದಲು ಹಾಕಿ, ಅಲ್ಲಿಂದ ಆಚೆ ಈಚೆ ಹೋಗಿ. ಪ್ರತಿ ಫ್ರೇಮ್ ಹಾಕಿದ ಕೂಡಲೇ ರಟ್ಟಿನ ಪಟ್ಟಿ ತೂರಿಸಿ ನೋಡಿ. ಡ್ರಿಲ್ ಚೂರು ಜಾರಿ ಫ್ರೇಮ್ ಮೇಲೆ ಕೆಳಗೆ ಆಗಿದ್ದರೆ ಗೋಡೆಗೆ ಇನ್ನೊಂದು ತೂತು ಬೇಡ, ಹಿಂದಿನ ಕೊಂಡಿಯನ್ನು ಬಿಚ್ಚಿ ಅಷ್ಟು ಸರಿಸಿ ಹಾಕಿ. ಹಳೇ ಮೊಳೆಯ ತೂತುಗಳು ಫ್ರೇಮ್ ಹಿಂದೆ ಅಡಗಿದರೆ ಬಿಡಿ. ಖಾಲಿ ಪಟ್ಟಿಯಲ್ಲಿ ಬಿದ್ದವನ್ನು ಮಾತ್ರ ಪುಟ್ಟಿ ತುಂಬಿ ಬಣ್ಣ ಹಚ್ಚಿ.

ಒಂದು ಮಿತಿ ಮಾತ್ರ ಹೇಳಬೇಕು. ಈ ಜೋಡಣೆ ನಾಲ್ಕೂ ಕಡೆ ಮುಚ್ಚಿದ ಆಯತ. ಮುಂದೆ ಎಂಟನೇ ಫ್ರೇಮ್ ಪಕ್ಕಕ್ಕೆ ಸೇರಿಸಿದರೆ ಬಾಲ ಬಂದ ಹಾಗಾಗುತ್ತದೆ. ಹಾಗಾಗಿ ಬಲಗಡೆ ಮೇಲಿನ ಗ್ರೂಪ್ ಫೋಟೋದ ಫ್ರೇಮಿಗೆ ಹಿಂಬದಿ ಸುಲಭವಾಗಿ ತೆಗೆದು ಹಾಕುವ ತಿರುಗು ಕ್ಲಿಪ್ ಇಡಿಸಿ. ಹೊಸ ಫೋಟೋ ಬಂದಾಗ ಅದನ್ನೂ ಅದೇ ಅಳತೆಗೆ ಪ್ರಿಂಟ್ ಹಾಕಿಸಿ, ಹಳೆಯದರ ಮುಂದೆ ಇಡಿ. ಹಳೆಯದು ಹಿಂದೆಯೇ ಇರಲಿ.